ಟೋಟ್ ಬೋರ್ಡಿನ ಹಿಂದಿನ ಲೆಕ್ಕ: ರೇಸಿನ ಪೂಲ್ ಹಣ ಹೇಗೆ ಹಂಚಿಕೆಯಾಗುತ್ತದೆ

2022ರ ಮೇ 7ರಂದು ಅಮೆರಿಕದ ಲೂಯಿವಿಲ್ ನಗರದ ಚರ್ಚಿಲ್ ಡೌನ್ಸ್‌ನಲ್ಲಿ ಕೆಂಟಕಿ ಡರ್ಬಿ ಓಡಿದಾಗ ಗೆದ್ದದ್ದು ರಿಚ್ ಸ್ಟ್ರೈಕ್. ಹಿಂದಿನ ದಿನ ಇನ್ನೊಂದು ಕುದುರೆ ಹಿಂದೆ ಸರಿದಿದ್ದರಿಂದ ಜಾಗ ಸಿಕ್ಕಿ ಓಡಿದ ಕುದುರೆ ಅದು. ಅದರ ಗೆಲುವಿನ ಮೇಲೆ 2 ಡಾಲರ್ ಕಟ್ಟಿದವರಿಗೆ 163.60 ಡಾಲರ್ ಬಂತು. ಮರುವರ್ಷ ಅದೇ ಡರ್ಬಿಯನ್ನು ಗೆದ್ದ ಮೇಜ್ ಎಂಬ ಕುದುರೆಗೆ 32.42 ಡಾಲರ್. 2024ರಲ್ಲಿ ಮಿಸ್ಟಿಕ್ ಡಾನ್‌ಗೆ 39.22.

ಈ ಮೂರು ಅಂಕಿಗಳನ್ನೂ ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ. ಬುಕ್ಕಿಯ ಬಳಿ ಹೋದರೆ ಅವನು ದರ ಹೇಳುತ್ತಾನೆ, ನೀವು ಒಪ್ಪಿದರೆ ಆ ದರ ನಿಮ್ಮ ಚೀಟಿಗೆ ಅಂಟಿಕೊಳ್ಳುತ್ತದೆ. ನೀವು ಗೆದ್ದರೆ ಹಣ ಹೋಗುವುದು ಅವನ ಜೇಬಿನಿಂದ. ಟೋಟ್‌ನಲ್ಲಿ ಹಾಗಿಲ್ಲ. ಎಲ್ಲರ ಹಣವೂ ಪೂಲ್ ಎಂಬ ಒಂದು ರಾಶಿಗೆ ಬೀಳುತ್ತದೆ, ನಿರ್ವಾಹಕರು ತಮ್ಮ ಪಾಲನ್ನು ಮೊದಲು ಎತ್ತಿಕೊಳ್ಳುತ್ತಾರೆ, ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಯಾರು ಗೆದ್ದರೂ ನಿರ್ವಾಹಕರ ಪಾಲು ಅಷ್ಟೇ. ಚೀಟಿ ವ್ಯವಹಾರದಲ್ಲಿ ಚೀಟಿ ಯಾರಿಗೆ ಬಿದ್ದರೂ ನಡೆಸುವವರ ಕಮಿಷನ್ ತಪ್ಪದಂತೆ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಈ ಪದ್ಧತಿಯನ್ನು ಚಾಲ್ತಿಗೆ ತಂದ ಜೋಸೆಫ್ ಒಲ್ಲೇರ್ ಮುಂದೆ ಮೂಲಾಂ ರೂಜ್ ರಂಗಮಂದಿರವನ್ನು ಕಟ್ಟಿದವರಲ್ಲಿ ಒಬ್ಬ. ಜನರ ಜೇಬು ಎಲ್ಲಿ ಸಡಿಲವಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿಯೇ ತಿಳಿದಿತ್ತು.

ಮುಂದೆ ಬರುವ ಲೆಕ್ಕಗಳಿಗೆ ಕೂಡು, ಕಳೆ, ಭಾಗಿಸು ಸಾಕು. ಚರ್ಚಿಲ್ ಡೌನ್ಸ್‌ನ ನಿಯಮವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಅಲ್ಲಿ 2014ರಿಂದ ವಿನ್, ಪ್ಲೇಸ್, ಶೋ ಪೂಲ್‌ಗಳಿಂದ, ಅಂದರೆ ಒಂದು ಕುದುರೆ ಮೊದಲನೆಯದಾಗಿ, ಮೊದಲ ಎರಡರಲ್ಲಿ, ಮೊದಲ ಮೂರರಲ್ಲಿ ಬರುತ್ತದೆ ಎಂದು ಕಟ್ಟುವ ರಾಶಿಗಳಿಂದ, ಶೇ 17.5, ಎರಡು ಅಥವಾ ಹೆಚ್ಚು ಕುದುರೆಗಳನ್ನು ಸೇರಿಸಿ ಆಡುವ ಪೂಲ್‌ಗಳಿಂದ ಶೇ 22 ಕಡಿತ. ಪಂದ್ಯದ ಅಂಕಿಗಳು ಮಾತ್ರ ಲೆಕ್ಕಕ್ಕಾಗಿ ನಾನು ಊಹಿಸಿಕೊಂಡವು.

ಮೊದಲ ಹಂತ: ವಿನ್ ಪೂಲ್

ಆರು ಕುದುರೆಗಳ ಪಂದ್ಯ ಎಂದುಕೊಳ್ಳಿ. ವಿನ್ ಪೂಲ್‌ಗೆ ಒಟ್ಟು 2,00,000 ಡಾಲರ್ ಬಿದ್ದಿದೆ. ಎಲ್ಲಕ್ಕಿಂತ ಹೆಚ್ಚು ಹಣ ಬಿದ್ದು ಫೇವರಿಟ್ ಆದ 1ನೇ ನಂಬರಿನ ಮೇಲೆ 80,000, 2ರ ಮೇಲೆ 45,000, 3ರ ಮೇಲೆ 30,000, 4ರ ಮೇಲೆ 20,000, 5ರ ಮೇಲೆ 15,000, 6ರ ಮೇಲೆ 10,000.

ಮೊದಲ ಕೆಲಸ ಕಡಿತ. 2,00,000ದಲ್ಲಿ ಶೇ 17.5 ಎಂದರೆ 35,000. ಉಳಿದದ್ದು 1,65,000. ಹಂಚಲು ಇರುವ ಹಣ ಇಷ್ಟೇ. ಪಂದ್ಯ ಮುಗಿದ ಮೇಲೆ ಇದನ್ನು ಗೆದ್ದ ಕುದುರೆಯ ಮೇಲೆ ಬಿದ್ದ ಮೊತ್ತದಿಂದ ಭಾಗಿಸಬೇಕು.

```
1 ಡಾಲರ್‌ಗೆ ಬರುವ ಹಣ = (ಪೂಲ್ − ಕಡಿತ) ÷ ಗೆದ್ದ ಕುದುರೆಯ ಮೇಲಿನ ಮೊತ್ತ
```

3ನೇ ನಂಬರ್ ಗೆದ್ದರೆ 1,65,000 ÷ 30,000 = 5.50. ಅಮೆರಿಕದಲ್ಲಿ ಫಲಿತಾಂಶವನ್ನು 2 ಡಾಲರ್ ಟಿಕೆಟ್‌ನ ಲೆಕ್ಕದಲ್ಲಿ ಪ್ರಕಟಿಸುವುದರಿಂದ ಬೋರ್ಡಿನಲ್ಲಿ 11.00 ಎಂದು ಕಾಣುತ್ತದೆ. ಇದರಲ್ಲಿ ನೀವು ಕಟ್ಟಿದ 2 ಡಾಲರ್ ಕೂಡ ಸೇರಿದೆ, ನಿಜವಾದ ಲಾಭ 9. ಹೊಸಬರು ಎಡವುವುದು ಇಲ್ಲಿಯೇ. ಡಿವಿಡೆಂಡ್ ಎಂದರೆ ಕೈಗೆ ಬರುವ ಪೂರ್ತಿ ಹಣ. ಬೋರ್ಡಿನ ಮೇಲೆ 9-2 ಎಂದು ತೋರಿಸುವ ದರ ಮಾತ್ರ ಬರೀ ಲಾಭದ್ದು, 2 ಕಟ್ಟಿದರೆ 9 ಲಾಭ.

ಈ ಸೂತ್ರವನ್ನು ಹಿಂದುಮುಂದು ಮಾಡಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ. ರಿಚ್ ಸ್ಟ್ರೈಕ್ 2 ಡಾಲರ್‌ಗೆ 163.60 ಕೊಟ್ಟಿತು, ಅಂದರೆ 1 ಡಾಲರ್‌ಗೆ 81.80. ಪೂಲ್‌ನ ಪ್ರತಿ ಡಾಲರ್‌ನಲ್ಲಿ 0.825 ಮಾತ್ರ ಹಂಚಿಕೆಗೆ ಉಳಿಯುವುದರಿಂದ 0.825 ÷ 81.80 ಮಾಡಿ ನೋಡಿ. ಹೆಚ್ಚುಕಡಿಮೆ 0.0101. ಗೆಲುವಿಗೆಂದು ಬಿದ್ದ ಒಟ್ಟು ಹಣದಲ್ಲಿ ನೂರಕ್ಕೆ ಒಂದು ಡಾಲರ್ ಮಾತ್ರ ಆ ಕುದುರೆಯ ಮೇಲಿತ್ತು. ಮೇಜ್‌ಗೆ ಇದೇ ಲೆಕ್ಕ ಹಾಕಿದರೆ ನೂರಕ್ಕೆ ಐದು ಚಿಲ್ಲರೆ. ಪತ್ರಿಕೆಯಲ್ಲಿ ಬಂದ ಒಂದೇ ಒಂದು ಡಿವಿಡೆಂಡ್‌ನಿಂದ, ಪೂಲ್‌ನ ಗಾತ್ರ ತಿಳಿಯದಿದ್ದರೂ, ಜನ ಆ ಕುದುರೆಯನ್ನು ಎಷ್ಟು ನಂಬಿದ್ದರು ಎಂಬುದನ್ನು ಹೀಗೆ ತೆಗೆಯಬಹುದು. ಕಡಿತದ ದರ ಮಾತ್ರ ಗೊತ್ತಿರಬೇಕು.

ಎರಡನೇ ಹಂತ: ಚಿಲ್ಲರೆ ಎಲ್ಲಿ ಹೋಯಿತು

3 ಗೆದ್ದಾಗ ಲೆಕ್ಕ ಶೇಷವಿಲ್ಲದೆ ಮುಗಿಯಿತು, ಏಕೆಂದರೆ ಅಂಕಿಗಳನ್ನು ಆರಿಸಿದವನು ನಾನು. ಈಗ ಫೇವರಿಟ್ 1 ಗೆದ್ದಿತು ಎನ್ನಿ. 1,65,000 ÷ 80,000 = 2.0625. ಇಷ್ಟು ಸಣ್ಣ ಚಿಲ್ಲರೆಯನ್ನು ಕೌಂಟರಿನಲ್ಲಿ ಕೊಡುವುದು ಕಷ್ಟ ಎಂಬ ನೆಪದಲ್ಲಿ ಅಮೆರಿಕದ ರೇಸ್‌ಕೋರ್ಸ್‌ಗಳು ದೀರ್ಘಕಾಲ ಒಂದು ರೂಢಿಯನ್ನು ಪಾಲಿಸಿದವು. 1 ಡಾಲರ್‌ನ ಪಾಲನ್ನು 10 ಸೆಂಟ್‌ನ ಕೆಳಮಟ್ಟಕ್ಕೆ ಇಳಿಸುವುದು. 2.0625 ಇದ್ದದ್ದು 2.00 ಆಗುತ್ತದೆ. ಟಿಕೆಟ್‌ಗೆ 4.00. ಹೀಗೆ ಕತ್ತರಿಸಿ ಉಳಿಸಿಕೊಂಡದ್ದನ್ನು ಬ್ರೇಕೇಜ್ ಎನ್ನುತ್ತಾರೆ.

ಆರು ಸೆಂಟ್‌ಗೇನು ಎಂದು ಬಿಡುವ ಹಾಗಿಲ್ಲ. 80,000 ಡಾಲರ್ ಗೆದ್ದ ಟಿಕೆಟ್‌ಗಳಿವೆ, ಪ್ರತಿ ಡಾಲರ್‌ನಲ್ಲಿ 6.25 ಸೆಂಟ್ ಉಳಿಯಿತು, ಒಟ್ಟು 5,000 ಡಾಲರ್. ಘೋಷಿತ ಕಡಿತ 35,000 ಇದ್ದದ್ದು ಈಗ 40,000 ಆಯಿತು. ಕಾಗದದ ಮೇಲೆ ಶೇ 17.5, ಕೈಗೆ ಬರುವ ಹೊತ್ತಿಗೆ ಶೇ 20. ಮೇಲೇರಿಸುವ ಮಾತೇ ಇಲ್ಲ, ಯಾವಾಗಲೂ ಕೆಳಕ್ಕೇ. ಹೆಚ್ಚು ಪೆಟ್ಟು ಬೀಳುವುದು ಫೇವರಿಟ್ ಆಡುವವರಿಗೆ, ಏಕೆಂದರೆ ಅವರ ಡಿವಿಡೆಂಡ್ ಚಿಕ್ಕದು, ಅದರಲ್ಲಿ 6 ಸೆಂಟ್ ದೊಡ್ಡ ಪಾಲು. 16.5 ಪಟ್ಟು ಬರುವ 6ನೇ ನಂಬರಿನವರಿಗೆ ಈ ಕಡಿತ ಅರಿವಿಗೂ ಬರುವುದಿಲ್ಲ.

2022ರಲ್ಲಿ ಕೆಂಟಕಿ ರಾಜ್ಯ ಕಾನೂನು ಮಾಡಿ ಈ ಇಳಿಕೆಯನ್ನು 10 ಸೆಂಟ್‌ನಿಂದ 1 ಸೆಂಟ್‌ಗೆ ತಂದಿತು. ಹೊಸ ನಿಯಮದಲ್ಲಿ ನಮ್ಮ ಫೇವರಿಟ್‌ಗೆ 2.0625 ಬದಲು 2.06, ಟಿಕೆಟ್‌ಗೆ 4.12. ಬ್ರೇಕೇಜ್ 5,000ದಿಂದ 200 ಡಾಲರ್‌ಗೆ ಇಳಿಯಿತು. ಈಗ ಮೇಲಿನ ಡರ್ಬಿ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಮೇ 2022ರಲ್ಲಿ ಹಳೆಯ ನಿಯಮ ಜಾರಿಯಲ್ಲಿತ್ತು. ರಿಚ್ ಸ್ಟ್ರೈಕ್‌ನ ವಿನ್, ಪ್ಲೇಸ್, ಶೋ ಮೂರೂ ಡಿವಿಡೆಂಡ್‌ಗಳು, ಅಂದರೆ 163.60, 74.20, 29.40, ಎಲ್ಲವೂ 20 ಸೆಂಟ್‌ನ ಗುಣಕಗಳು. 2023ರ ಮೇಜ್‌ನ 32.42, 2024ರ ಮಿಸ್ಟಿಕ್ ಡಾನ್‌ನ 39.22 ಹಾಗಲ್ಲ, ಅವು 2 ಸೆಂಟ್‌ನ ಗುಣಕಗಳು. ಹಳೆಯ ನಿಯಮವೇ ಇದ್ದಿದ್ದರೆ ಮೇಜ್‌ಗೆ 32.40, ಮಿಸ್ಟಿಕ್ ಡಾನ್‌ಗೆ 39.20 ಸಿಗುತ್ತಿತ್ತು. ಯಾವುದೇ ರೇಸ್‌ಕೋರ್ಸ್‌ನ ಒಂದು ದಿನದ ಫಲಿತಾಂಶಗಳನ್ನು ಸಾಲಾಗಿ ಇಟ್ಟುಕೊಂಡು ಕೊನೆಯ ಅಂಕಿಗಳನ್ನು ನೋಡಿದರೆ ಅಲ್ಲಿ ಚಿಲ್ಲರೆಯನ್ನು ಹೇಗೆ ಕತ್ತರಿಸುತ್ತಾರೆ ಎಂಬುದು ಯಾರನ್ನೂ ಕೇಳದೆಯೇ ತಿಳಿಯುತ್ತದೆ.

ನಗದಾಗದ ಟಿಕೆಟ್‌ಗಳದು ಇನ್ನೊಂದು ಕಥೆ. 1973ರ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಸೆಕ್ರೆಟೇರಿಯೆಟ್ ಎಂಬ ಕುದುರೆ 31 ಲೆಂತ್‌ಗಳ, ಅಂದರೆ 31 ಕುದುರೆಗಳಷ್ಟು ಉದ್ದದ, ಅಂತರದಲ್ಲಿ ಗೆದ್ದಾಗ 2 ಡಾಲರ್ ಟಿಕೆಟ್‌ಗೆ ಸಿಕ್ಕಿದ್ದು 2.20. ಇಪ್ಪತ್ತು ಸೆಂಟ್ ಲಾಭಕ್ಕೆ ಟಿಕೆಟ್ ಕೊಟ್ಟುಬಿಡುವ ಬದಲು ನೆನಪಿಗೆಂದು ಇಟ್ಟುಕೊಂಡವರೇ ಬಹಳ. 5,617 ಗೆದ್ದ ಟಿಕೆಟ್‌ಗಳು ಕೌಂಟರಿಗೆ ಮರಳಲೇ ಇಲ್ಲ.

ಮೂರನೇ ಹಂತ: ಪ್ಲೇಸ್ ಪೂಲ್, ಅಂದರೆ ಜೊತೆಗಾರ ಯಾರು ಎಂಬ ಪ್ರಶ್ನೆ

ವಿನ್ ಲೆಕ್ಕ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಪ್ಲೇಸ್ ಡಿವಿಡೆಂಡ್ ಬಂದಾಗ ಮಾತ್ರ ಗೊಣಗಾಟ ಶುರು: ‘ಹೋದ ವಾರ ಇಷ್ಟೇ ದರದ ಕುದುರೆಗೆ ಆರು ಡಾಲರ್ ಬಂದಿತ್ತು, ಈ ವಾರ ನಾಲ್ಕೇ ಏಕೆ?’ ಉತ್ತರ ನಿಮ್ಮ ಕುದುರೆಯಲ್ಲಿಲ್ಲ, ಅದರ ಜೊತೆಗೆ ಬಂದ ಕುದುರೆಯಲ್ಲಿದೆ.

ಅಮೆರಿಕದಲ್ಲಿ ಪ್ಲೇಸ್ ಎಂದರೆ ಮೊದಲ ಎರಡರಲ್ಲಿ ಬರಬೇಕು, ಶೋ ಎಂದರೆ ಮೊದಲ ಮೂರರಲ್ಲಿ. ನಮ್ಮಲ್ಲಿ ಪ್ಲೇಸ್ ಎಂದರೆ ಎಷ್ಟು ಸ್ಥಾನ ಎಂಬುದು ಓಡುವ ಕುದುರೆಗಳ ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ. ಹಾಂಗ್‌ಕಾಂಗ್‌ನಲ್ಲೂ ಹಾಗೆಯೇ, ಏಳು ಅಥವಾ ಹೆಚ್ಚು ಕುದುರೆಗಳಿದ್ದರೆ ಮೂರು ಸ್ಥಾನ, ನಾಲ್ಕರಿಂದ ಆರು ಇದ್ದರೆ ಎರಡು.

ಅದೇ ಆರು ಕುದುರೆಗಳ ಪ್ಲೇಸ್ ಪೂಲ್ 90,000 ಡಾಲರ್ ಎಂದಿಟ್ಟುಕೊಳ್ಳೋಣ. 1ರ ಮೇಲೆ 38,000, 2ರ ಮೇಲೆ 20,000, 3ರ ಮೇಲೆ 12,000, 4ರ ಮೇಲೆ 9,000, 5ರ ಮೇಲೆ 6,000, 6ರ ಮೇಲೆ 5,000. ಕಡಿತ 15,750, ಉಳಿದದ್ದು 74,250.

ಇಲ್ಲಿ ನೇರವಾಗಿ ಭಾಗಿಸುವುದಿಲ್ಲ. ಮೊದಲು ಸ್ಥಾನ ಪಡೆದ ಎರಡೂ ಕುದುರೆಗಳ ಮೇಲೆ ಕಟ್ಟಿದವರಿಗೆ ಅವರ ಅಸಲನ್ನು ಎತ್ತಿಡುತ್ತಾರೆ. ಆಮೇಲೆ ಮಿಕ್ಕಿದ ಲಾಭವನ್ನು ಎರಡು ಸಮ ಪಾಲು ಮಾಡುತ್ತಾರೆ. ಒಂದೊಂದು ಪಾಲನ್ನು ಆಯಾ ಕುದುರೆಯ ಮೇಲಿನ ಮೊತ್ತದಿಂದ ಭಾಗಿಸಿ, ಅಸಲಿನ 1 ಡಾಲರ್ ಸೇರಿಸುತ್ತಾರೆ.

3 ಮೊದಲು, ಫೇವರಿಟ್ 1 ಎರಡನೆಯದು ಎನ್ನಿ. ಎರಡರ ಮೇಲಿನ ಅಸಲು 12,000 ಮತ್ತು 38,000, ಒಟ್ಟು 50,000. 74,250ರಲ್ಲಿ ಅದನ್ನು ಕಳೆದರೆ ಲಾಭ 24,250. ಅರ್ಧ 12,125.

```
3ನೇ ನಂಬರ್: 12,125 ÷ 12,000 = 1.0104;  +1 = 2.0104  →  2.01
1ನೇ ನಂಬರ್: 12,125 ÷ 38,000 = 0.3190;  +1 = 1.3190  →  1.31
```

2 ಡಾಲರ್ ಟಿಕೆಟ್‌ಗೆ 3ರ ಪ್ಲೇಸ್ 4.02, 1ರ ಪ್ಲೇಸ್ 2.62. ಲೆಕ್ಕ ಸರಿಯೇ ಎಂದು ನೋಡಬೇಕಾದರೆ ಚಿಲ್ಲರೆ ಕತ್ತರಿಸುವ ಮೊದಲಿನ ಮೊತ್ತಗಳನ್ನು ಕೂಡಿಸಿ. 3ರವರಿಗೆ 12,000 + 12,125 = 24,125, 1ರವರಿಗೆ 38,000 + 12,125 = 50,125, ಎರಡೂ ಸೇರಿ 74,250. ಹಂಚಬೇಕಾದದ್ದು ಅಷ್ಟೇ ಇತ್ತು.

ಈಗ ಒಂದನ್ನು ಮಾತ್ರ ಬದಲಿಸೋಣ. 3 ಮೊದಲೇ ಬರಲಿ, ಎರಡನೆಯದಾಗಿ ಯಾರೂ ಎಣಿಸದ 6 ಬರಲಿ. ಅಸಲು 12,000 ಮತ್ತು 5,000, ಒಟ್ಟು 17,000. ಲಾಭ 57,250, ಅರ್ಧ 28,625. 3ಕ್ಕೆ 28,625 ÷ 12,000 = 2.3854, ಒಂದು ಸೇರಿಸಿದರೆ 3.3854, ಟಿಕೆಟ್‌ಗೆ 6.76. 6ಕ್ಕೆ 6.725, ಟಿಕೆಟ್‌ಗೆ 13.44.

ಕುದುರೆ ಅದೇ, ಅದರ ಮೇಲೆ ಬಿದ್ದ ಹಣ ಅದೇ, ಅದು ಬಂದ ಸ್ಥಾನವೂ ಅದೇ. ಒಮ್ಮೆ 4.02, ಇನ್ನೊಮ್ಮೆ 6.76. ಫೇವರಿಟ್ ಜೊತೆಗೆ ಬಂದಾಗ ಅದರ ಬೆನ್ನಿಗಿರುವ 38,000 ಡಾಲರ್ ಅಸಲು ಮೊದಲೇ ಹೊರಟುಹೋಗುತ್ತದೆ, ಹಂಚಲು ಸೋತವರ ಹಣ ಕಡಿಮೆ ಉಳಿಯುತ್ತದೆ. ಫೇವರಿಟ್ ಹಿಂದೆ ಬಿದ್ದರೆ ಆ 38,000 ಲಾಭದ ರಾಶಿಗೆ ಸೇರುತ್ತದೆ. ಹಾಗಾಗಿ ಫೇವರಿಟ್ ಖಂಡಿತ ಬರುತ್ತದೆ ಎಂದು ನಿಮಗೂ ಅನ್ನಿಸಿದ ಪಂದ್ಯದಲ್ಲಿ ಇನ್ನೊಂದು ಕುದುರೆಯ ಪ್ಲೇಸ್ ಟಿಕೆಟ್ ಕೊಳ್ಳುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಫೇವರಿಟ್ ಮುಗ್ಗರಿಸುತ್ತದೆ ಎಂಬ ನಂಬಿಕೆ ಇದ್ದಾಗಲಷ್ಟೇ ಪ್ಲೇಸ್‌ಗೆ ಬೆಲೆ.

ಬೋರ್ಡಿನಲ್ಲಿ ಪ್ಲೇಸ್ ದರವನ್ನು ಒಂದೇ ಅಂಕಿಯಾಗಿ ತೋರಿಸಲು ಆಗದಿರುವುದೂ ಇದೇ ಕಾರಣಕ್ಕೆ. ಬಹಳ ಕಡೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ತೋರಿಸುತ್ತಾರೆ, ಇಲ್ಲವೇ ಪ್ರತಿ ಕುದುರೆಯ ಮೇಲೆ ಬಿದ್ದ ಹಣವನ್ನಷ್ಟೇ ತೋರಿಸಿ ಲೆಕ್ಕವನ್ನು ನಿಮಗೇ ಬಿಡುತ್ತಾರೆ.

ಇನ್ನೊಂದು ಪದ್ಧತಿಯೂ ಇದೆ. ಅದರಲ್ಲಿ ಅಸಲನ್ನು ಎತ್ತಿಡದೆ ಉಳಿದ ಹಣವನ್ನೇ ಸ್ಥಾನಗಳ ಸಂಖ್ಯೆಯಿಂದ ಸಮನಾಗಿ ಒಡೆಯುತ್ತಾರೆ. ನಮ್ಮ 74,250 ಆಗ 37,125ರ ಎರಡು ಪಾಲಾಗುತ್ತದೆ. 3ಕ್ಕೆ 37,125 ÷ 12,000, ಅಂದರೆ 3.09. ಜೊತೆಗಾರ ಯಾರಾದರೂ ಇಷ್ಟೇ. 1ಕ್ಕೆ ಮಾತ್ರ 37,125 ÷ 38,000, ಅಂದರೆ 0.97. ಸ್ಥಾನಕ್ಕೆ ಬಂದ ಕುದುರೆಯ ಮೇಲೆ ಕಟ್ಟಿದವನಿಗೆ ಅಸಲೂ ಮರಳುವುದಿಲ್ಲ ಎಂದಾಗುತ್ತದೆ. ಹಾಗಾಗದಂತೆ ಇಂಥ ಕಡೆ ಕನಿಷ್ಠ ಡಿವಿಡೆಂಡ್‌ನ ನಿಯಮ ಇಟ್ಟುಕೊಂಡಿರುತ್ತಾರೆ. ಎರಡು ಪದ್ಧತಿಗಳಲ್ಲಿ ನಿಮ್ಮ ಕ್ಲಬ್ ಯಾವುದನ್ನು ಅನುಸರಿಸುತ್ತದೆ ಎಂಬುದು ಅದರ ಟೋಟ್ ನಿಯಮಗಳಲ್ಲಿ ಅಚ್ಚಾಗಿರುತ್ತದೆ. ಲೆಕ್ಕಕ್ಕೆ ಕೂರುವ ಮೊದಲು ಅದನ್ನು ಓದಿಕೊಳ್ಳಿ.

ಎರಡು ಕುದುರೆಗಳು ಸಮನಾಗಿ ಗೆದ್ದರೆ, ಅಂದರೆ ಡೆಡ್ ಹೀಟ್ ಆದರೆ, ವಿನ್ ಪೂಲ್ ಕೂಡ ಪ್ಲೇಸ್ ಪೂಲ್‌ನ ದಾರಿಯನ್ನೇ ಹಿಡಿಯುತ್ತದೆ. 2 ಮತ್ತು 3 ಸಮನಾದವು ಎನ್ನಿ. 1,65,000ದಲ್ಲಿ ಅಸಲು 75,000 ಕಳೆದು ಲಾಭ 90,000, ತಲಾ 45,000. 3ಕ್ಕೆ 1.50 + 1 = 2.50, ಟಿಕೆಟ್‌ಗೆ 5.00. ಒಂಟಿಯಾಗಿ ಗೆದ್ದಿದ್ದರೆ 11.00 ಬರುತ್ತಿತ್ತು.

ಪೂಲ್ ಸಾಲದೆ ಹೋದಾಗ

ನಿರ್ವಾಹಕರು ಯಾವತ್ತೂ ಸೋಲುವುದಿಲ್ಲ ಎಂದು ಹೇಳುವವರಿದ್ದಾರೆ. ಬಹುಮಟ್ಟಿಗೆ ನಿಜ, ಆದರೆ ಒಂದು ಸಂದರ್ಭ ಹೊರತು. ಶೋ ಪೂಲ್ 1,00,000 ಡಾಲರ್. ಸೋಲುವ ಮಾತೇ ಇಲ್ಲ ಎನ್ನಿಸುವ ಕುದುರೆಯೊಂದರ ಮೇಲೆ ಯಾರೋ ಭಾರಿ ಮೊತ್ತ ಸುರಿದು ಅದರ ಪಾಲು 90,000 ಆಗಿದೆ. ಉಳಿದ ಐದು ಕುದುರೆಗಳ ಮೇಲೆ ಕ್ರಮವಾಗಿ 3,000, 2,000, 2,000, 2,000, 1,000. ಇಂಥ ಬಾಜಿ ಕಟ್ಟುವವರನ್ನು ಅಮೆರಿಕದವರು ಬ್ರಿಡ್ಜ್ ಜಂಪರ್ ಎನ್ನುತ್ತಾರೆ. ಸೋತರೆ ಸೇತುವೆಯಿಂದ ಹಾರುವವರು ಎಂದರ್ಥ.

ಕಡಿತದ ನಂತರ ಉಳಿದದ್ದು 82,500. ಆ ಕುದುರೆಯೂ, 3,000 ಮತ್ತು 2,000 ಹೊತ್ತ ಇನ್ನೆರಡೂ ಮೊದಲ ಮೂರರಲ್ಲಿ ಬಂದವು. ಅಸಲೇ 95,000. ಪೂಲ್‌ನಲ್ಲಿ ಅಷ್ಟು ಹಣವಿಲ್ಲ. ಆದರೂ ಪ್ರತಿ ಡಾಲರ್‌ಗೆ ಕನಿಷ್ಠ 5 ಸೆಂಟ್ ಲಾಭ ಕೊಡಲೇಬೇಕು, ಅಂದರೆ 2 ಡಾಲರ್ ಟಿಕೆಟ್‌ಗೆ 2.10 ಎಂಬ ನಿಯಮವಿದ್ದರೆ, 99,750 ಡಾಲರ್ ಪಾವತಿಸಬೇಕು. ಕೊರತೆ 17,250. ಅದು ನಿರ್ವಾಹಕರ 17,500ರ ಕಡಿತದಿಂದಲೇ ತುಂಬಬೇಕು. ಅವರಿಗೆ ಉಳಿದದ್ದು 250 ಡಾಲರ್. ಕನಿಷ್ಠ ಲಾಭ 10 ಸೆಂಟ್ ಆಗಿದ್ದರೆ ಜೇಬಿನಿಂದಲೂ ಕೊಡಬೇಕಾಗುತ್ತಿತ್ತು. ಕೆಲವು ರೇಸ್‌ಕೋರ್ಸ್‌ಗಳು ಇಂಥ ಪಂದ್ಯದಲ್ಲಿ ಶೋ ಪೂಲನ್ನೇ ತೆರೆಯುವುದಿಲ್ಲ. ಸೆಕ್ರೆಟೇರಿಯೆಟ್ ಓಡಿದ ಆ ಬೆಲ್ಮಾಂಟ್‌ನಲ್ಲೂ ಶೋ ಇರಲಿಲ್ಲ.

ಆ ಕುದುರೆ ನಾಲ್ಕನೆಯದಾಗಿ ಬಂದರೆ ನೋಟವೇ ಬೇರೆ. 3,000, 2,000, 1,000 ಹೊತ್ತ ಮೂರು ಕುದುರೆಗಳು ಬಂದವು ಎನ್ನಿ. ಅಸಲು 6,000, ಲಾಭ 76,500, ತಲಾ 25,500. ಡಿವಿಡೆಂಡ್‌ಗಳು 19.00, 27.50, 53.00. ಶೋ ಟಿಕೆಟ್‌ಗೆ 53 ಡಾಲರ್ ಬಂದ ಫಲಿತಾಂಶ ಕಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ. ಯಾರೋ ದೊಡ್ಡ ಮೊತ್ತ ಕಳೆದುಕೊಂಡಿರುತ್ತಾರೆ.

ಬೋರ್ಡನ್ನು ಎಷ್ಟು ನಂಬಬೇಕು

ಟೋಟ್ ಬೋರ್ಡಿನಲ್ಲಿ ಕಾಣುವ ದರ ಆ ಕ್ಷಣದ ಚಿತ್ರ ಮಾತ್ರ. ನಮ್ಮ 4ನೇ ನಂಬರನ್ನೇ ನೋಡಿ. ಪಂದ್ಯಕ್ಕೆ ಮೂರು ನಿಮಿಷ ಇರುವಾಗ ವಿನ್ ಪೂಲ್‌ನಲ್ಲಿ 1,20,000 ಇತ್ತು, 4ರ ಮೇಲೆ 6,000. ಕಡಿತ ಹೋಗಿ 99,000. ಅದನ್ನು 6,000ದಿಂದ ಭಾಗಿಸಿದರೆ 16.50. ಹದಿನೈದೂವರೆ ಪಟ್ಟು ಲಾಭ ಎಂದು ನೀವು ಟಿಕೆಟ್ ತೆಗೆದುಕೊಂಡಿರಿ. ಕೊನೆಯ ಗಳಿಗೆಯಲ್ಲಿ ಪೂಲ್ 2,00,000ಕ್ಕೆ ಏರಿತು, 4ರ ಮೇಲಿನ ಮೊತ್ತ 20,000 ಆಯಿತು. 1,65,000 ÷ 20,000 = 8.25. ನಿಮ್ಮ ಟಿಕೆಟ್‌ಗೂ ಇದೇ ದರ. ಮೊದಲೇ ಕೊಂಡವರಿಗೆ ಹೆಚ್ಚಿನ ಹಕ್ಕೇನೂ ಇಲ್ಲ.

ಕುದುರೆಗಳು ಗೇಟಿನಿಂದ ಹೊರಟ ಮೇಲೂ ಬೋರ್ಡಿನ ದರ ಇಳಿಯುವುದನ್ನು ಕಂಡು ಪಂದ್ಯ ಶುರುವಾದ ಮೇಲೂ ಯಾರೋ ಕಟ್ಟುತ್ತಿದ್ದಾರೆ ಎಂದು ಕೂಗುವವರು ಎಲ್ಲೆಡೆ ಇದ್ದಾರೆ. ಹೆಚ್ಚಿನ ಸಲ ನಡೆಯುವುದು ಇಷ್ಟು: ಬಾಜಿ ನಿಂತಿರುತ್ತದೆ, ಆದರೆ ಬೇರೆ ಬೇರೆ ಊರುಗಳ ಕೇಂದ್ರಗಳಲ್ಲಿ ಕೊನೆಯ ಸೆಕೆಂಡುಗಳಲ್ಲಿ ಬಿದ್ದ ಹಣ ಮುಖ್ಯ ಪೂಲ್‌ಗೆ ಬಂದು ಸೇರುವುದು ತಡವಾಗುತ್ತದೆ. ಅಮೆರಿಕದಲ್ಲಿ ಕಂಪ್ಯೂಟರ್ ಮೂಲಕ ಆಡುವ ದೊಡ್ಡ ಗುಂಪುಗಳು ಬೇಕೆಂದೇ ಕೊನೆಯ ಗಳಿಗೆಗೆ ಕಾಯುತ್ತವೆ. ಹಾಗಾಗಿ ಈ ಜಿಗಿತ ಈಗೀಗ ಇನ್ನೂ ದೊಡ್ಡದು.

ಪೂಲ್ ಚಿಕ್ಕದಾಗಿದ್ದರೆ ದರ ಕೆಡಿಸುವವರು ನೀವೇ ಆಗಬಹುದು. 10,000 ಡಾಲರ್ ಪೂಲ್‌ನಲ್ಲಿ ಒಂದು ಕುದುರೆಯ ಮೇಲೆ 500 ಇದೆ. ದರ 8,250 ÷ 500 = 16.50. ನೀವು ಇನ್ನೊಂದು 500 ಸೇರಿಸಿದಿರಿ. ಪೂಲ್ 10,500, ಕಡಿತ ಹೋಗಿ 8,662.50, ಭಾಗಿಸಬೇಕಾದದ್ದು 1,000ದಿಂದ. ಬಂದದ್ದು 8.66.

ದರವನ್ನು ತೂಗಿ ನೋಡಲು ಒಂದು ಸಣ್ಣ ಲೆಕ್ಕ ಸಾಕು. ಒಂದನ್ನು ಡಿವಿಡೆಂಡ್‌ನಿಂದ ಭಾಗಿಸಿ. 2ನೇ ನಂಬರಿನ ಡಿವಿಡೆಂಡ್ 1,65,000 ÷ 45,000, ಚಿಲ್ಲರೆ ಕತ್ತರಿಸಿ 3.66. 1 ÷ 3.66 ಎಂದರೆ 0.273. ಈ ಕುದುರೆ ನೂರರಲ್ಲಿ 27ಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಟಿಕೆಟ್‌ಗೆ ಅರ್ಥವಿದೆ. ಜನರ ಹಣದ ಪ್ರಕಾರ ಅದರ ಪಾಲು 22.5 ಮಾತ್ರ. ಈ ಎರಡರ ನಡುವಿನ ಅಂತರವೇ ಕಡಿತ. ಜನಸಮೂಹದಷ್ಟೇ ಚೆನ್ನಾಗಿ ಕುದುರೆ ಗುರುತಿಸುವವನು ಟೋಟ್‌ನಲ್ಲಿ ಸೋಲುತ್ತಾನೆ. ಕಡಿತದಷ್ಟು ಅಂತರದಿಂದ ಸಮೂಹವನ್ನು ಮೀರಿಸಿದರೆ ಹಾಕಿದ್ದು ಮರಳುತ್ತದೆ.

ನಮ್ಮ ಕಡೆ

ಬೆಂಗಳೂರು ಮತ್ತು ಮೈಸೂರಿನ ರೇಸ್‌ಗಳಲ್ಲೂ ಟೋಟ್‌ನ ಮೂಲ ಲೆಕ್ಕ ಇದೇ. ವಿನ್, ಪ್ಲೇಸ್ ಅಲ್ಲದೆ ಎರಡನೆಯ ಕುದುರೆಗೇ ಒಂದು ಪೂಲ್, ಮೂರನೆಯದಕ್ಕೇ ಒಂದು ಪೂಲ್, ಫೋರ್‌ಕಾಸ್ಟ್, ಕ್ವಿನೆಲಾ, ಟನಾಲಾ, ಜಾಕ್‌ಪಾಟ್ ಎಂದು ಬೇರೆ ಬೇರೆ ರಾಶಿಗಳಿವೆ. ಪ್ರತಿ ರಾಶಿಯೂ ಸ್ವತಂತ್ರ, ಒಂದರ ಹಣ ಇನ್ನೊಂದಕ್ಕೆ ಹರಿಯುವುದಿಲ್ಲ. ಫೋರ್‌ಕಾಸ್ಟ್‌ನಲ್ಲಿ ಮೊದಲ ಎರಡು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಬೇಕು. ಲೆಕ್ಕ ಮಾತ್ರ ವಿನ್‌ನಂತೆ ಸರಳ, ಉಳಿದ ಪೂಲನ್ನು ಸರಿಯಾದ ಜೋಡಿಯ ಮೇಲಿನ ಮೊತ್ತದಿಂದ ಭಾಗಿಸಿದರಾಯಿತು.

ಲೆಕ್ಕ ತಲೆಕೆಳಗಾಗುವುದು ತೆರಿಗೆಯಿಂದ. ಜಿಎಸ್‌ಟಿ ನಿಯಮವೊಂದು ಟೋಟಲೈಸೇಟರ್‌ಗೆ, ಅಂದರೆ ಟೋಟ್‌ಗೆ, ಬಿದ್ದ ಪೂರ್ತಿ ಹಣವನ್ನೇ ತೆರಿಗೆಯ ಮೌಲ್ಯ ಎಂದು ಎಣಿಸಿತು. ಬೆಂಗಳೂರು ಟರ್ಫ್ ಕ್ಲಬ್ ಮತ್ತು ಮೈಸೂರು ರೇಸ್ ಕ್ಲಬ್ ಇದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2021ರಲ್ಲಿ ಕ್ಲಬ್‌ಗಳ ಪರವಾಗಿ ತೀರ್ಪು ಕೊಟ್ಟಿತು. ಕ್ಲಬ್‌ಗೆ ಸಿಗುವುದು ಕಮಿಷನ್ ಮಾತ್ರ, ಉಳಿದದ್ದು ಬಾಜಿ ಕಟ್ಟಿದವರ ಹಣ ಎಂಬುದು ಅಲ್ಲಿಯ ವಾದ. ಆದರೆ ಕಾನೂನನ್ನೇ ತಿದ್ದಿ 2023ರ ಅಕ್ಟೋಬರ್ 1ರಿಂದ ಪೂರ್ತಿ ಮುಖಬೆಲೆಯ ಮೇಲೆ ಶೇ 28 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40.

ಕಮಿಷನ್ ಮೇಲಿನ ತೆರಿಗೆಗೂ ಪೂರ್ತಿ ಬಾಜಿಯ ಮೇಲಿನ ತೆರಿಗೆಗೂ ಎಷ್ಟು ವ್ಯತ್ಯಾಸ ಎಂಬುದನ್ನು ಅಂಕಿಯಲ್ಲೇ ನೋಡಿ. ಅಮೆರಿಕದ ಶೇ 17.5 ಕಡಿತವನ್ನೇ ಇಟ್ಟುಕೊಳ್ಳೋಣ. 100 ರೂಪಾಯಿ ಬಾಜಿಯಲ್ಲಿ ಕಮಿಷನ್ 17.50, ಅದರ ಮೇಲೆ ಶೇ 40 ಎಂದರೆ 7 ರೂಪಾಯಿ. ಪೂರ್ತಿ ಬಾಜಿಯ ಮೇಲೆ ಶೇ 40 ಎಂದರೆ 40 ರೂಪಾಯಿ. ತೆರಿಗೆಯನ್ನು ಮೇಲೆ ಸೇರಿಸಿ ವಸೂಲು ಮಾಡಿದರೆ ಕೈಯಿಂದ ಹೋಗುವುದು 140, ಪೂಲ್‌ಗೆ ಸೇರುವುದು 100, ಗೆದ್ದವರಿಗೆಲ್ಲ ಸೇರಿ ಮರಳುವುದು 82.50. ಹಾಕಿದ ಪ್ರತಿ ನೂರರಲ್ಲಿ 59 ರೂಪಾಯಿ ಕೂಡ ವಾಪಸ್ ಬರುವುದಿಲ್ಲ. ಒಮ್ಮೆ ಗೆದ್ದ ಹಣವನ್ನು ಮುಂದಿನ ಪಂದ್ಯಕ್ಕೆ ಕಟ್ಟಿದರೆ ಮತ್ತೆ ಅದೇ ಕಡಿತ, ಅದೇ ತೆರಿಗೆ.

ಅದರ ಮೇಲೆ, ರೇಸಿನ ಗೆಲುವು 10,000 ರೂಪಾಯಿ ದಾಟಿದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಶೇ 30 ಮೂಲದಲ್ಲೇ ಕಡಿತವಾಗುತ್ತದೆ. ಜಾಕ್‌ಪಾಟ್ ಹೊಡೆದವರು ಬೋರ್ಡಿನ ಅಂಕಿಯನ್ನೂ ಕೈಗೆ ಬಂದ ಹಣವನ್ನೂ ಹೋಲಿಸಿ ಕೌಂಟರಿನಲ್ಲಿ ಜಗಳ ತೆಗೆಯುವುದು ಸಾಮಾನ್ಯವಾಗಿ ಇದಕ್ಕೇ.

ಹಣ ಕಡಿಮೆ ಬಂತು ಅನ್ನಿಸಿದರೆ ಕಿಟಕಿಯ ಮುಂದೆ ನಿಂತು ಕೂಗುವ ಮೊದಲು ಒಂದಷ್ಟು ನೋಡಿಕೊಳ್ಳಿ. ಡಿವಿಡೆಂಡ್ ಯಾವ ಮೊತ್ತದ ಟಿಕೆಟ್‌ಗೆ ಪ್ರಕಟವಾಗಿದೆ? ಅಮೆರಿಕದಲ್ಲಿ 2 ಡಾಲರ್‌ಗೆ, ಹಾಂಗ್‌ಕಾಂಗ್‌ನಲ್ಲಿ 10 ಹಾಂಗ್‌ಕಾಂಗ್ ಡಾಲರ್‌ಗೆ, ಹೀಗೆ ಒಂದೊಂದು ಕಡೆ ಒಂದೊಂದು. ಡೆಡ್ ಹೀಟ್ ಆಗಿತ್ತೇ? ಕೊನೆಯ ಗಳಿಗೆಯಲ್ಲಿ ಯಾವುದಾದರೂ ಕುದುರೆ ಹಿಂದೆ ಸರಿದಿತ್ತೇ? ಸರಿದಿದ್ದರೆ ಅದರ ಮೇಲೆ ಕಟ್ಟಿದವರಿಗೆ ಹಣ ಮರಳಿ ಪೂಲ್ ಕುಗ್ಗಿರುತ್ತದೆ, ನೀವು ಬೋರ್ಡಿನಲ್ಲಿ ಕಂಡ ದರ ಹಳೆಯದಾಗಿರುತ್ತದೆ. ಪ್ಲೇಸ್ ಟಿಕೆಟ್ ಆದರೆ ಫೇವರಿಟ್ ಕೂಡ ಸ್ಥಾನಕ್ಕೆ ಬಂದಿತ್ತೇ? ಇಷ್ಟರಲ್ಲಿ ಯಾವುದೂ ಅಲ್ಲದಿದ್ದರೆ ಆಗ ಟಿಕೆಟ್ ಹಿಡಿದು ಕೇಳಿ. ಅಲ್ಲಿಯವರೆಗೆ ಅದನ್ನು ಹರಿಯಬೇಡಿ.